ಕಾಬೂಲ್ ಕಡಲೆಯ ನಡುವಿನ ಗಟ್ಟಿ ಹೋಗಿದ್ದು ಹೀಗೆ

ಡಿಸೆಂಬರ್ ಚಳಿಯಲ್ಲಿ ರಾತ್ರಿ 8 ಗಂಟೆ ಕಾಲ ತಣ್ಣೀರಿನಲ್ಲಿ ನೆನೆಸಿದ ಕಾಬೂಲ್ ಕಡಲೆ, ಕುಕ್ಕರ್ 6 ಸಲ ಕೂಗಿದರೂ ನಡುವೆ ಗಟ್ಟಿಯಾಗಿಯೇ ಉಳಿಯುತ್ತಿತ್ತು. ಕೂಗು ಹೆಚ್ಚಿಸಿದರೆ ಸಿಪ್ಪೆ ಕಳಚಿತೇ ಹೊರತು ಒಳಗೆ ಬೇಯಲಿಲ್ಲ. ಸೋಡಾ ಹಾಕಿದರೆ ಸಾಬೂನಿನ ರುಚಿ. ಒಮ್ಮೆ ನೆನೆದ ಕಾಳನ್ನು ಉಗುರಿನಿಂದ ಸೀಳಿದಾಗ ಕಾರಣ ಕಂಡಿತು: ಮಧ್ಯದಲ್ಲಿ ಸುಣ್ಣದಂತಹ ಒಣ ಚುಕ್ಕೆ. ನೀರು ತಣ್ಣಗಿದ್ದಷ್ಟೂ ಒಳಗಿಳಿಯುವುದು ನಿಧಾನ.

ಈಗ ಒಂದು ಲೋಟ ಕಡಲೆಗೆ 4 ಲೋಟ ನೀರು ಹಾಕಿ, ಕುದಿ ಬಂದ ಮೇಲೆ 2 ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿ ಒಂದೂವರೆ ಗಂಟೆ ಬಿಡುತ್ತೇನೆ. ಸೀಳಿದಾಗ ಚುಕ್ಕೆ ಕಂಡರೆ ಇನ್ನರ್ಧ ಗಂಟೆ. ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 4 ಕೂಗು, ನಂತರ ಸಣ್ಣ ಉರಿಯಲ್ಲಿ 10 ನಿಮಿಷ. ಹುಣಿಸೆ, ಟೊಮೆಟೊ ಹಾಕುವುದು ಕಡಲೆ ಬೆಂದ ಮೇಲೆಯೇ. ಡಬ್ಬಿಯಲ್ಲಿ ವರ್ಷಗಟ್ಟಲೆ ಕುಳಿತ ಕಡಲೆಗೆ ಇದೂ ಸಾಲದು.