ಲ್ಯಾಬ್ ಸ್ಟಾಕ್ ಪಟ್ಟಿ: ಒಂದು ಬಾಟಲಿಗೆ ಒಂದು ಸಾಲು

ನಮ್ಮ ಶಾಲೆಯ ಲ್ಯಾಬ್ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ಗೆ ಹಾಕುವಾಗ ರಾಸಾಯನಿಕಕ್ಕೊಂದು ಸಾಲು ಬೇಡ, ಬಾಟಲಿಗೊಂದು ಸಾಲು ಇರಲಿ ಎಂದುಕೊಂಡೆ. ಒಂದೇ ರಾಸಾಯನಿಕದ ಎರಡು ಬಾಟಲಿ ತೆರೆದ ದಿನ ಬೇರೆ, ಕೆಡುವ ದಿನವೂ ಬೇರೆ, ಅಲ್ವಾ?

ಹೈಡ್ರೋಜನ್ ಪೆರಾಕ್ಸೈಡ್ ನೋಡಿ. ಲೇಬಲ್ ಮೇಲಿನ ಎಕ್ಸ್‌ಪೈರಿ ಮುಚ್ಚಿಟ್ಟ ಬಾಟಲಿಗೆ. ತೆರೆದ ಮೇಲೆ ಅದು ನೀರು, ಆಕ್ಸಿಜನ್ ಆಗಿ ಒಡೆಯುತ್ತಾ ಹೋಗುತ್ತದೆ. ಬೆಳಕು, ಬಿಸಿ, ಕೊಳೆ ಸೇರಿದರೆ ಇನ್ನೂ ಬೇಗ. ಹಾಗಾಗಿ ಮಿಕ್ಕಿದ್ದನ್ನು ಬಾಟಲಿಗೆ ವಾಪಸ್ ಸುರಿಯಲು ಬಿಡುವುದಿಲ್ಲ. ತೆರೆದ ಮೇಲೆ 6 ತಿಂಗಳು ಅಂತ ನಾನೇ ಗಡುವು ಇಟ್ಟಿದ್ದೇನೆ. ಅನುಮಾನ ಬಂದರೆ ಸ್ವಲ್ಪ ತೆಗೆದು ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕುತ್ತೇನೆ. ಗುಳ್ಳೆ ಮಂಕಾಗಿದ್ದರೆ ಆ ಬಾಟಲಿಯಿಂದ ಪ್ರಯೋಗ ಸರಿಬರುವುದಿಲ್ಲ.

B ತೆರೆದ ದಿನ, C ಲೇಬಲ್ ಎಕ್ಸ್‌ಪೈರಿ, D ತೆರೆದ ಮೇಲಿನ ತಿಂಗಳು. ಯಾವುದು ಮೊದಲು ಬರುತ್ತದೋ ಅದು F ಕಾಲಮ್‌ಗೆ:

```
=IF(OR(B2="",D2=""),C2,MIN(C2,EDATE(B2,D2)))
```

ಅಡುಗೆ ಉಪ್ಪಿನಂಥವಕ್ಕೆ ಲೇಬಲ್‌ನಲ್ಲಿ ಎಕ್ಸ್‌ಪೈರಿ ಇಲ್ಲದಿದ್ದರೆ, ಮತ್ತೆ ನೋಡಬೇಕಾದ ದಿನವನ್ನೇ C ಯಲ್ಲಿ ಬರೆಯುತ್ತೇನೆ. ಖಾಲಿ ಬಿಟ್ಟರೆ ತೆರೆಯದ ಬಾಟಲಿಯೂ ಸುಮ್ನೆ ಅವಧಿ ಮುಗಿದಂತೆ ತೋರಿಸುತ್ತದೆ.

ಶೇಖರಣೆಯ ಕಾಲಮ್‌ನಲ್ಲಿ 'ತಂಪು, ಕತ್ತಲು' ಅಷ್ಟೇ ಅಲ್ಲ, ಪಕ್ಕದಲ್ಲಿ ಏನಿರಬಾರದು ಅಂತಲೂ ಇದೆ. ಅಮೋನಿಯಾ ಪಕ್ಕ ಹೈಡ್ರೋಕ್ಲೋರಿಕ್ ಆಮ್ಲ ಇಟ್ಟರೆ ಬಾಟಲಿಗಳ ಮೇಲೆಲ್ಲ ಬಿಳಿ ಪುಡಿ ಕೂರುತ್ತದೆ.

ಕನಿಷ್ಠ ಸ್ಟಾಕ್ ಲೆಕ್ಕಕ್ಕೆ ವರ್ಷದ ಸರಾಸರಿ ಹಿಡಿದರೆ ಮೋಸ ಹೋಗುತ್ತೇವೆ. ಶಾಲೆಯಲ್ಲಿ ಬಳಕೆ ಒಮ್ಮೆಲೇ ಏರುತ್ತದೆ. ನಾನು ಪ್ರಾಕ್ಟಿಕಲ್ ವೇಳಾಪಟ್ಟಿ ಹಿಡಿದು ಕೂರುತ್ತೇನೆ. ಸಿಲ್ವರ್ ನೈಟ್ರೇಟ್ ಲೆಕ್ಕ ಹೀಗೆ: 120 ಮಕ್ಕಳು, ತಲಾ ಸುಮಾರು 1 ಮಿ.ಲೀ. 0.1 M ದ್ರಾವಣ. ಚೆಲ್ಲುವುದೂ ಸೇರಿ ಒಂದು ಸುತ್ತಿಗೆ 150 ಮಿ.ಲೀ. ಲೀಟರಿಗೆ 17 ಗ್ರಾಂ ಬೇಕು, ಅಂದರೆ ಸುತ್ತಿಗೆ ಸುಮಾರು 2.6 ಗ್ರಾಂ. ಆರ್ಡರ್ ಮಾಡಿದ ಮಾಲು ಬರಲು 3 ವಾರ. ಆ ಅವಧಿಯಲ್ಲಿ ಜಾಸ್ತಿ ಅಂದರೆ 2 ಸುತ್ತು, ಜೊತೆಗೆ ಕಾದಿರಿಸಲು 1 ಸುತ್ತು. ಹಾಗಾಗಿ ಕನಿಷ್ಠ 8 ಗ್ರಾಂ.

ಈಗ ಮುಖ್ಯ ವಿಷಯ. ಅವಧಿ ಮುಗಿದ ಬಾಟಲಿ ಕಪಾಟಿನಲ್ಲಿ ಕೂತಿದ್ದರೆ ಮೊತ್ತ ಭರ್ತಿಯಾಗಿ ಕಾಣುತ್ತದೆ, ಎಚ್ಚರಿಕೆ ಬರುವುದೇ ಇಲ್ಲ. ಅದಕ್ಕೆ ಅವಧಿ ಇರುವವನ್ನಷ್ಟೇ ಕೂಡಿಸುತ್ತೇನೆ. A ಹೆಸರು, E ಉಳಿದ ಪ್ರಮಾಣ:

```
=IF(SUMIFS(E:E,A:A,"ಸಿಲ್ವರ್ ನೈಟ್ರೇಟ್",F:F,">="&TODAY())<8,"ತರಿಸಿ","")
```

TODAY() ಬದಲು TODAY()+21 ಹಾಕಿದರೆ ಇನ್ನೂ ಒಳ್ಳೆಯದು. ಮಾಲು ಬರುವಷ್ಟರಲ್ಲಿ ಕೆಡುವ ಬಾಟಲಿಯೂ ಲೆಕ್ಕದಿಂದ ಹೊರಗೆ ಬೀಳುತ್ತದೆ.

E ಕಾಲಮ್ ತುಂಬಲು ಕಣ್ಣಂದಾಜು ಬೇಡ. ಹೊಸ ಬಾಟಲಿ ಬಂದಾಗಲೇ ಮುಚ್ಚಳ ಸಮೇತ ತೂಗಿ, ಆ ತೂಕವನ್ನು ಲೇಬಲ್ ಮೇಲೆ ಬರೆಯಿರಿ. ಆಮೇಲೆ ಬಾಟಲಿ ತೆರೆಯದೆ ತಕ್ಕಡಿಯಲ್ಲಿಟ್ಟರೆ ಎಷ್ಟು ಖರ್ಚಾಗಿದೆ ಅಂತ ಗೊತ್ತಾಗುತ್ತದೆ.