ಇಂಟರ್‌ವ್ಯೂ ದಿನ ಬದಲಾಯಿಸಿಕೊಂಡ ಮೇಲ್: ಮೂರನೇ ಸಲಕ್ಕೆ ಕೈ ಹಿಡಿಯಿತು

"ಒಂದು ಸಲ ದಿನ ಬದಲಾಯಿಸಿ ಅಂತ ಕೇಳಿದ್ರೆ ಮುಗೀತು, ಆ ಕೆಲಸ ಮರೆತುಬಿಡು" ಅಂತ ನಮ್ಮ ಭಾವ ಹೇಳುತ್ತಲೇ ಇದ್ದರು. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರದ್ದೂ ಅದೇ ಮಾತು. ಕಳೆದ ನವೆಂಬರಿನಲ್ಲಿ ನಾನು ಕೇಳಿದೆ, ಸಿಕ್ಕಿತು, ಆ ಕೆಲಸಕ್ಕೂ ಸೇರಿದೆ. ಅಕೌಂಟ್ಸ್‌ನಲ್ಲಿ ಇರುವವರಿಗೆ ಈ ತೊಂದರೆ ತಿಂಗಳು ತಿಂಗಳೂ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನಾಗ ಪೀಣ್ಯದ ಒಂದು ಫ್ಯಾಕ್ಟರಿಯ ಅಕೌಂಟ್ಸ್‌ನಲ್ಲಿದ್ದೆ. ಮೊದಲ ಸಲ ಕೆಟ್ಟಿದ್ದು ಮಾರ್ಚ್ 31ಕ್ಕೆ. ಅವತ್ತು ಸ್ಟಾಕ್ ಲೆಕ್ಕ, ಗೋಡೌನ್ ಬಿಟ್ಟು ಅಲ್ಲಾಡುವ ಹಾಗಿಲ್ಲ. ಇಂಟರ್‌ವ್ಯೂ ಅವತ್ತೇ ಸಂಜೆ 4ಕ್ಕೆ. ನಾನು ಮಾಡಿದ ತಪ್ಪು ಏನಂದ್ರೆ, ಕ್ಯಾಲೆಂಡರಿಗೆ ಬಂದಿದ್ದ ಇನ್ವೈಟಿಗೆ ಮೊದಲು 'ಇಲ್ಲ' ಒತ್ತಿದೆ. ಸಂಜೆ ನಿಧಾನವಾಗಿ ಮೇಲ್ ಬರೆದರಾಯಿತು ಅಂದುಕೊಂಡಿದ್ದೆ. ಆ 'ಇಲ್ಲ' ನೇರವಾಗಿ ಪ್ಯಾನೆಲ್‌ಗೆ ಹೋಗಿತ್ತು, ಕಾರಣವೇ ಇಲ್ಲದೆ. ಮರುದಿನ ಎಚ್ಆರ್ ಫೋನ್ ಮಾಡಿ, "ನಿಮಗೆ ಆಸಕ್ತಿ ಇಲ್ಲ ಅಂತ ಕ್ಲೋಸ್ ಮಾಡಿಬಿಟ್ಟರಲ್ಲ" ಅಂದರು. ಆಗಿನ ಸಂಬಳಕ್ಕಿಂತ ವರ್ಷಕ್ಕೆ ಒಂದೂವರೆ ಲಕ್ಷ ಜಾಸ್ತಿ ಇದ್ದ ಕೆಲಸ ಅದು. ಆ ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಎರಡನೇದು ಜುಲೈ 31. ಟಿಡಿಎಸ್ ರಿಟರ್ನ್‌ಗೆ ಕೊನೆ ದಿನ. ಈ ಸಲ ಬುದ್ಧಿ ಬಂದಿತ್ತು, ಮೇಲ್ ಬರೆದೆ. ಮೂರು ಸ್ಲಾಟ್ ಕೊಟ್ಟೆ: ಶನಿವಾರ ಬೆಳಿಗ್ಗೆ 11, ಸೋಮವಾರ ಬೆಳಿಗ್ಗೆ ಎಂಟೂವರೆ, ಮಂಗಳವಾರ ಬೆಳಿಗ್ಗೆ 9. ನನ್ನ ಆಫೀಸ್ ಹತ್ತಕ್ಕೆ ಶುರು, ರಜೆ ಹಾಕೋದೇ ಬೇಡ ಅನ್ನುವ ಲೆಕ್ಕ. ಆದರೆ ಪ್ಯಾನೆಲ್‌ನ ಮುಖ್ಯಸ್ಥರು ಕೂತಿದ್ದು ಲಂಡನ್ನಿನಲ್ಲಿ. ನಮ್ಮ ಎಂಟೂವರೆ ಅಂದರೆ ಜುಲೈನಲ್ಲಿ ಅವರಿಗೆ ಬೆಳಗಿನ ಜಾವ 4. ಶನಿವಾರ ಅವರಿಗೆ ರಜೆ. ನಾನು ಮೂರು ಕೊಟ್ಟೆ ಅಂದುಕೊಂಡಿದ್ದೆ, ನಿಜವಾಗಿ ಒಂದೂ ಕೊಟ್ಟಿರಲಿಲ್ಲ. ಎಚ್ಆರ್ "ಬೇರೆ ಟೈಮ್ ಹೇಳಿ" ಅಂದರು, ನಾನು ಹೇಳಿದೆ, ಅವರು ಕೇಳಿಕೊಂಡು ಬರುತ್ತೇನೆ ಅಂದರು. ಹೀಗೆ ನಾಲ್ಕೈದು ದಿನ ಹೋಯಿತು. ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಾಗಿತ್ತು. ನಡುವೆ ಒಂದು ಅರ್ಧ ದಿನ ರಜೆ ಹಾಕಿ ಕಾದಿದ್ದೂ ದಂಡವಾಯಿತು.

ಆಮೇಲೆ ಕೂತು ಯೋಚಿಸಿದೆ. ನಮ್ಮ ಮೇಲ್ ಓದುವವರು ಇಂಟರ್‌ವ್ಯೂ ಮಾಡುವವರಲ್ಲ. ಮೂರ್ನಾಲ್ಕು ಜನರ ಕ್ಯಾಲೆಂಡರ್ ಹೊಂದಿಸುವ ಒಬ್ಬ ಕೋಆರ್ಡಿನೇಟರ್. ಅವರು ನಮ್ಮನ್ನು ಒಂದು ಪ್ರಶ್ನೆ ಕೇಳಬೇಕಾಗಿ ಬಂದರೆ ಒಂದು ದಿನ ಹೋಯಿತು ಅಂತಲೇ ಲೆಕ್ಕ. ಏನೂ ಕೇಳದೆ, ನಮ್ಮ ಮೇಲನ್ನು ಹಾಗೇ ಪ್ಯಾನೆಲ್‌ಗೆ ಫಾರ್ವರ್ಡ್ ಮಾಡುವ ಹಾಗಿರಬೇಕು.

ನವೆಂಬರ್ 20, ಗುರುವಾರ, ಮಧ್ಯಾಹ್ನ ಮೂರೂವರೆಗೆ ಇಂಟರ್‌ವ್ಯೂ ಅಂತ ಬಂತು. ಈ ಸಲ ಪ್ಯಾನೆಲ್‌ನಲ್ಲಿ ಜರ್ಮನಿಯಲ್ಲಿ ಕೂತವರೂ ಇದ್ದರು. 20 ಅಂದರೆ ನಿಮಗೆ ಗೊತ್ತೇ ಇದೆ, ಜಿಎಸ್‌ಟಿಯ 3ಬಿ ರಿಟರ್ನ್‌ಗೆ ಕೊನೆ ದಿನ. 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಪಟ್ಟಿ ಬಂದ ಮೇಲೆ ಇನ್ವಾಯ್ಸ್ ತಾಳೆ ನೋಡಿ ಮುಗಿಯೋದೇ 18-19ಕ್ಕೆ. ಸಹಿ ಹಾಕುವ ಡಿಎಸ್‌ಸಿ ಟೋಕನ್ ನಮ್ಮ ಡೈರೆಕ್ಟರ್ ಹತ್ತಿರ. ಅವರು ಹೊಸೂರಿನಿಂದ ಬರೋದು ಮಧ್ಯಾಹ್ನ 3ಕ್ಕೆ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ ಹೋಗಲಿ, ಬಾಕಿ ತೆರಿಗೆಗೆ ವರ್ಷಕ್ಕೆ 18% ಬಡ್ಡಿ. ನನ್ನ ಕೈಯಲ್ಲಿ ಅದು ಆಗೋಕೆ ಬಿಡುವುದಿಲ್ಲ, ಕೆಲಸ ಬಿಡುವ ತಿಂಗಳಾದರೂ ಸರಿ.

ಇನ್ವೈಟ್ ಬಂದಿದ್ದು 17ರ ಸಂಜೆ. 18ರ ಬೆಳಿಗ್ಗೆ ಒಂಬತ್ತೂವರೆಗೆ, ನನ್ನ ಸ್ವಂತ ಫೋನಿನಿಂದ, ಅವರದೇ ಮೇಲಿಗೆ ರಿಪ್ಲೈ ಮಾಡಿದೆ. ಸಬ್ಜೆಕ್ಟ್ ಮುಟ್ಟಲಿಲ್ಲ. ಮುಟ್ಟಿದರೆ ಜಿಮೇಲ್‌ನಲ್ಲಿ ಅದು ಬೇರೆ ಮೇಲಾಗಿ ನಿಲ್ಲುತ್ತದೆ, ಹಳೆಯ ಮಾತುಕತೆ ಹುಡುಕಬೇಕಾಗುತ್ತದೆ. ಕಳಿಸಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

> ನಮಸ್ಕಾರ ಮೇಡಂ,
>
> ನವೆಂಬರ್ 20, ಗುರುವಾರ ಮಧ್ಯಾಹ್ನ 3:30ರ ಇಂಟರ್‌ವ್ಯೂಗೆ ಧನ್ಯವಾದ. ಅವತ್ತು ಈಗಿನ ಕೆಲಸದಲ್ಲಿ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕೊನೆಯ ದಿನ, ನಾನೇ ಇದ್ದು ಮುಗಿಸಬೇಕಾದ ಕೆಲಸ. ದಯವಿಟ್ಟು ಕೆಳಗಿನ ಯಾವುದಾದರೂ ಒಂದು ಸಮಯಕ್ಕೆ ಬದಲಾಯಿಸಲು ಸಾಧ್ಯವೇ?
>
> ನ. 21, ಶುಕ್ರವಾರ: ಮಧ್ಯಾಹ್ನ 2ರಿಂದ 3 (ಜರ್ಮನಿಯಲ್ಲಿ ಬೆಳಿಗ್ಗೆ 9:30)
> ನ. 24, ಸೋಮವಾರ: ಸಂಜೆ 5:30ರಿಂದ 6:30 (ಜರ್ಮನಿಯಲ್ಲಿ ಮಧ್ಯಾಹ್ನ 1)
> ನ. 25, ಮಂಗಳವಾರ: ಸಂಜೆ 7ರಿಂದ 8 (ಜರ್ಮನಿಯಲ್ಲಿ ಮಧ್ಯಾಹ್ನ 2:30)
>
> ಮೂರೂ ಸಮಯ ನಿಮಗಾಗಿ ಖಾಲಿ ಇಟ್ಟಿದ್ದೇನೆ. ಇನ್ವೈಟ್ ಬಂದ ಕೂಡಲೇ ಒಪ್ಪಿಗೆ ಕಳಿಸುತ್ತೇನೆ. ತೊಂದರೆಗೆ ಕ್ಷಮಿಸಿ.

ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಅದು ನನ್ನ ಹತ್ತಿರವೇ ಇರಲಿ, ನಾನೇ ಕಂಡುಕೊಂಡಿದ್ದು.

ಕಾರಣ ಒಂದೇ ಸಾಲು ನೋಡಿ. ಕಂಪನಿ ಹೆಸರಿಲ್ಲ, ಟರ್ನೋವರ್ ಇಲ್ಲ, ಬಾಸ್ ಬಿಡಲ್ಲ ಅನ್ನೋ ಗೋಳಿಲ್ಲ. ಇದಕ್ಕೂ ಮುಂಚೆ ಬೇರೆ ಒಂದು ಕಡೆ ಜ್ವರ ಅಂತ ಸುಳ್ಳು ಬರೆದಿದ್ದೆ. ಇಂಟರ್‌ವ್ಯೂ ಶುರುವಾದ ಕೂಡಲೇ "ಈಗ ಹುಷಾರಾ?" ಅಂತ ಕೇಳಿದರು. ಆ ಸುಳ್ಳನ್ನು ನಿಭಾಯಿಸೋದರಲ್ಲೇ ಗಮನವೆಲ್ಲ ಹೋಯಿತು. ಅಕೌಂಟ್ಸ್‌ನವರಿಗೆ ನಿಜವಾದ ಕಾರಣವೇ ಒಳ್ಳೆಯದು. ಎದುರಿಗೆ ಕೂರುವವರೂ ನಮ್ಮ ಲೈನಿನವರೇ, 20 ಅಂದರೆ ಏನು ಅಂತ ಗೊತ್ತಿರುತ್ತದೆ.

ಜರ್ಮನಿಯ ಲೆಕ್ಕ ಹಾಕುವಾಗ ಹುಷಾರು. ಅಲ್ಲಿ ಮಾರ್ಚ್ ಕೊನೆಗೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಕ್ಟೋಬರ್ ಕೊನೆಗೆ ವಾಪಸ್ ಬರುತ್ತದೆ. ನವೆಂಬರಿನಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಮೂರೂವರೆ. ನಾನು ಮೊದಲು ಬರೆದಿಟ್ಟಿದ್ದು ಬೇಸಿಗೆ ಲೆಕ್ಕ. ಕಳಿಸುವ ಮೊದಲು ಫೋನಿನ ಗಡಿಯಾರದಲ್ಲಿ ಬರ್ಲಿನ್ ಹಾಕಿ ನೋಡಿದ್ದಕ್ಕೆ ಬಚಾವಾದೆ.

ಸ್ಲಾಟ್ ಕೊಡೋದು ಸುಲಭ, ಆದರೆ ಮೂರನ್ನೂ ಕಾಯ್ದಿಟ್ಟುಕೊಳ್ಳಬೇಕು. ಮೇಲ್ ಕಳಿಸುವ ಮೊದಲೇ ಶುಕ್ರವಾರಕ್ಕೆ ಅರ್ಧ ದಿನ ರಜೆ, ಸೋಮವಾರ ನಾಲ್ಕೂವರೆಗೆ ಹೊರಡಲು ಪರ್ಮಿಷನ್ ಕೇಳಿಟ್ಟಿದ್ದೆ. ಕೂತು ಮಾತಾಡೋಕೆ ದಾಸರಹಳ್ಳಿಯ ಗೆಳೆಯನ ಟ್ಯೂಷನ್ ರೂಮು. ಪೀಣ್ಯದಿಂದ ಮೆಟ್ರೋದಲ್ಲಿ ಹತ್ತಿರ, ಟಿಕೆಟ್ಟಿಗೆ ಬಿಟ್ಟರೆ ಖರ್ಚಿಲ್ಲ.

ಒಂಬತ್ತೂವರೆಗೆ ಕಳಿಸಿದ್ದಕ್ಕೆ ಮಧ್ಯಾಹ್ನ ಒಂದರ ಸುಮಾರಿಗೆ ಉತ್ತರ ಬಂತು, ಒಂದೇ ಸಾಲು: ಸೋಮವಾರ ಐದೂವರೆ. ಹಳೆಯ ಇನ್ವೈಟನ್ನು ಅವರೇ ಬದಲಾಯಿಸಿದರು, ನಾನು 'ಇಲ್ಲ' ಒತ್ತಲೇ ಇಲ್ಲ. ಹೊಸದು ಬಂದ ಕೂಡಲೇ ಒಪ್ಪಿಗೆ ಕೊಟ್ಟು ಶುಕ್ರವಾರದ ರಜೆ ವಾಪಸ್ ತೆಗೆದುಕೊಂಡೆ. ಗುರುವಾರ ಪೋರ್ಟಲ್ ಎಂದಿನ ಹಾಗೆ ಸುತ್ತುತ್ತಿತ್ತು, ಸಂಜೆ ಆರರ ಹೊತ್ತಿಗೆ ಫೈಲ್ ಆಯಿತು.

ಬೆಳಿಗ್ಗೆ ಕಳಿಸಿದರೆ ಅದೇ ದಿನ ಉತ್ತರ, ಸಂಜೆ ಕಳಿಸಿದರೆ ಮರುದಿನ ಮಧ್ಯಾಹ್ನ. ಐದಾರು ಮೇಲ್‌ಗಳಲ್ಲಿ ನನಗೆ ಕಂಡಿದ್ದು ಇಷ್ಟು. ಎರಡನೇ ಸಲ ಬದಲಾಯಿಸಿ ಅಂತ ಮಾತ್ರ ಕೇಳಬೇಡಿ. ಒಂದು ಕಡೆ ಕೇಳಿ ನೋಡಿದ್ದೇನೆ, ಉತ್ತರವೇ ಬರಲಿಲ್ಲ. ವಾಕ್-ಇನ್‌ಗಳಿಗೂ ಇದು ನಡೆಯೋಲ್ಲ.

ನನ್ನ ನಾದಿನಿ ನರ್ಸು. ಅವಳಿಗೂ ಇದೇ ಮೇಲ್ ಬರೆದುಕೊಟ್ಟೆ. ಅವಳ ಡ್ಯೂಟಿ ಪಟ್ಟಿ ವಾರಕ್ಕೊಮ್ಮೆ ಬರುತ್ತದೆ, ಮುಂದಿನ ವಾರದ್ದು ಗೊತ್ತಿರಲಿಲ್ಲ. ಹಾಗಾಗಿ ಎರಡೇ ಸ್ಲಾಟ್ ಕೊಟ್ಟೆವು, ಎರಡೂ ನೈಟ್ ಡ್ಯೂಟಿ ಮುಗಿದ ಮೇಲೆ ಮಧ್ಯಾಹ್ನದ್ದು. ಮೊದಲನೆಯದೇ ಸಿಕ್ಕಿತು.

ಸೋಮವಾರ ಕ್ಯಾಮೆರಾ ಆನ್ ಮಾಡಿದ ಕೂಡಲೇ ಬೆಂಗಳೂರಿನ ಮ್ಯಾನೇಜರ್ ಕೇಳಿದ್ದು, "3ಬಿ ಆಯ್ತಾ?" "ಆಯ್ತು ಸರ್, ಟೈಮಿಗೇ ಆಯ್ತು" ಅಂದೆ. ಮುಂದಿನ ಇಪ್ಪತ್ತು ನಿಮಿಷ 2ಬಿ ಹೇಗೆ ತಾಳೆ ನೋಡ್ತೀರಿ ಅನ್ನೋದರ ಮೇಲೇ ಹೋಯಿತು, ಅದು ನನ್ನ ಗಟ್ಟಿ ಜಾಗ. ಮೂರು ವಾರಕ್ಕೆ ಆಫರ್ ಬಂತು, ವರ್ಷಕ್ಕೆ ಎರಡು ಲಕ್ಷದ ಹತ್ತಿರ ಜಾಸ್ತಿ. ಭಾವನಿಗೆ ಆ ಮೇಲನ್ನೇ ಫಾರ್ವರ್ಡ್ ಮಾಡಿದೆ. ಈಗ ಅವರ ಆಫೀಸಿನ ಹುಡುಗರು ಅದನ್ನೇ ತಿದ್ದಿ ಬಳಸುತ್ತಿದ್ದಾರಂತೆ.