ಫೋಟೋ ಕಾಣುತ್ತಿತ್ತು, ತಾಳಮದ್ದಳೆ ಕಾಣಲಿಲ್ಲ

ಡೊಂಬಿವಿಲಿಯಲ್ಲಿ ನಮ್ಮೂರಿನವರು ಸೇರಿ ಮಾಡಿದ ತಾಳಮದ್ದಳೆಯನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಎರಡೂವರೆ ಗಂಟೆಯ ಆಡಿಯೋ. ಭಾಗವತರಿಗೆ ಅದನ್ನು ಪೆನ್‌ಡ್ರೈವಿಗೆ ಹಾಕಿ ಕೊಡಬೇಕಿತ್ತು. ಮರುದಿನ ಅವರೇ ಮನೆಗೆ ಬಂದರು.

ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಚಾರ್ಜ್ ಆಗತೊಡಗಿತು, ಬೇರೇನೂ ಇಲ್ಲ. ವಿಂಡೋಸಿನ ಟಿಣ್ ಎಂಬ ಸದ್ದೂ ಬರಲಿಲ್ಲ. ಫೋನಿನಲ್ಲಿ ಯುಎಸ್‌ಬಿ ನೋಟಿಫಿಕೇಶನ್ ಕೂಡ ಇಲ್ಲ. ಈ ಎರಡೂ ಇಲ್ಲದಿದ್ದರೆ ನಾನು ಮೊದಲು ಕೇಬಲ್ ಬದಲಿಸುತ್ತೇನೆ. ನನ್ನ ಕೈಯಲ್ಲಿದ್ದದ್ದು ಪವರ್‌ಬ್ಯಾಂಕ್ ಜೊತೆ ಬಂದ ಗಿಡ್ಡ ಕೇಬಲ್. ಇಂಥ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತೇ ಆಗಲ್ಲ.

ಫೋನಿನ ಜೊತೆ ಬಂದ ಕೇಬಲ್ ಹಾಕಿದೆ. ಟಿಣ್ ಅಂತು. ಫೋನಿನ ಮೇಲಿನಿಂದ ಬೆರಳು ಎಳೆದಾಗ "Charging this device via USB" ಎಂದು ಕಂಡಿತು. ಅದನ್ನು ಒತ್ತಿದರೆ ಆಯ್ಕೆಗಳ ಪಟ್ಟಿ ತೆರೆಯಿತು. "No data transfer" ಮೇಲೆ ಗುರುತಿತ್ತು. ಅವಸರದಲ್ಲಿ "PTP" ಒತ್ತಿಬಿಟ್ಟೆ.

ಲ್ಯಾಪ್‌ಟಾಪಿನಲ್ಲಿ ಫೋನಿನ ಹೆಸರು ಬಂತು. ಒಳಗೆ ಆ ಸಂಜೆಯ ಫೋಟೋಗಳೆಲ್ಲ ಇದ್ದವು. ಆಡಿಯೋ ಮಾತ್ರ ಇಲ್ಲ.

"ಫೈಲ್ ಹೋಯ್ತಾ ಮಾರಾಯಾ?" ಭಾಗವತರ ಮುಖ ಸಣ್ಣದಾಯಿತು.

"ಇಲ್ಲ ಭಾಗವತರೇ, ಫೋನಲ್ಲೇ ಇದೆ ನೋಡಿ" ಎಂದು ಅಲ್ಲೇ ಒಂದು ಪದ್ಯ ಕೇಳಿಸಿದೆ.

ವಿಷಯ ಇಷ್ಟೇ. ಪಿಟಿಪಿ ಅಂದರೆ ಫೋನು ಕಂಪ್ಯೂಟರಿಗೆ ಕ್ಯಾಮೆರಾದಂತೆ ಕಾಣುವುದು. ಹಾಗಾಗಿ ಫೋಟೋ, ವಿಡಿಯೋ ಇರುವ ಫೋಲ್ಡರ್‌ಗಳನ್ನಷ್ಟೇ ತೋರಿಸುತ್ತದೆ. ನನ್ನ ಆಡಿಯೋ ಇದ್ದದ್ದು "Recordings" ಫೋಲ್ಡರಿನಲ್ಲಿ. ಅದೇ ಪಟ್ಟಿಗೆ ಹೋಗಿ "File transfer / Android Auto" ಒತ್ತಿದೆ. ಕೆಲವು ಫೋನುಗಳಲ್ಲಿ ಇದರ ಹೆಸರು ಸ್ವಲ್ಪ ಬೇರೆ ಇರುತ್ತದೆ. ಸದ್ದು ಮತ್ತೊಮ್ಮೆ ಬಂತು, ಎಲ್ಲ ಫೋಲ್ಡರ್‌ಗಳೂ ಕಂಡವು.

ಫೋನ್ ಲಾಕ್ ಆಗಿರುವಾಗ ಕೇಬಲ್ ಹಾಕಿದರೆ ಹೆಸರು ಬಂದು ಒಳಗೆ ಖಾಲಿ ಕಾಣಬಹುದು. ಆಗ ಲಾಕ್ ತೆಗೆದು ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಕೇಬಲ್ ಕಿತ್ತು ಹಾಕಿದರೆ ನನ್ನ ಫೋನ್ ಮತ್ತೆ ಚಾರ್ಜಿಂಗಿಗೇ ಮರಳುತ್ತದೆ, ಪ್ರತಿ ಸಲ ಆರಿಸಲೇಬೇಕು. ಡೆವಲಪರ್ ಆಯ್ಕೆಗಳಲ್ಲಿ "Default USB configuration" ಬದಲಿಸಿ ಇದನ್ನು ತಪ್ಪಿಸಬಹುದು. ನಾನು ಬದಲಿಸಿಲ್ಲ. ಕಂಡಕಂಡ ಕಂಪ್ಯೂಟರಿಗೆ ಚಾರ್ಜಿಗೆ ಹಾಕುವಾಗ ಫೈಲ್ ತೆರೆದುಕೊಳ್ಳುವುದು ನನಗೆ ಇಷ್ಟವಿಲ್ಲ.

ಆಡಿಯೋವನ್ನು ಕಟ್ ಮಾಡಲಿಲ್ಲ, ಕಾಪಿ ಮಾಡಿದೆ. ಮಧ್ಯೆ ಕೇಬಲ್ ಅಲುಗಾಡಿದರೂ ಮೂಲ ಫೋನಿನಲ್ಲೇ ಉಳಿಯುತ್ತದೆ ಅಲ್ವಾ. ಮೊದಲು ಲ್ಯಾಪ್‌ಟಾಪಿಗೆ, ಅಲ್ಲಿಂದ ಪೆನ್‌ಡ್ರೈವಿಗೆ. ಎರಡೂ ಕಡೆ 144 ಎಂಬಿ ತೋರಿಸಿತು. ಪೆನ್‌ಡ್ರೈವಿನಿಂದಲೇ ಕೊನೆಯ ಮಂಗಳ ಪದ್ಯ ಹಾಕಿದೆ. ಭಾಗವತರು ತೊಡೆ ಮೇಲೆ ತಾಳ ಹಾಕುತ್ತಾ ಪೂರ್ತಿ ಕೇಳಿ, ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡರು.